ಯು-ಟರ್ನ್ ಹೊಡೆದಾಗ ಹಿಂದಿನಿಂದ ಕಟಕಟ: ಕೆಟ್ಟದ್ದು ಗೇರಲ್ಲ, ಎಣ್ಣೆ

ಇವತ್ತು ನನ್ನದೇ ಗಾಡಿ ಕಥೆ. ಹಳೇ ಫೋರ್ ವೀಲ್ ಡ್ರೈವ್ ಎಸ್‌ಯುವಿ. ಸಕಲೇಶಪುರದ ಕಡೆ ತೋಟದ ರಸ್ತೆ, ಆಗಾಗ ಹಿಂದೆ ಟ್ರೈಲರ್. ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಿ ಎರಡೇ ವಾರ ಆಗಿತ್ತು. ನಿಧಾನಕ್ಕೆ ಯು-ಟರ್ನ್ ತಗೊಂಡ್ರೆ ಹಿಂದಿನ ಆಕ್ಸಲ್ ನಡುಗಿ ಕಟಕಟ ಅನ್ನೋದು. ನೇರ ರಸ್ತೇಲಿ ಏನೂ ಇಲ್ಲ. ಒಂದು ಗ್ಯಾರೇಜಿನವರು ‘ಡಿಫರೆನ್ಷಿಯಲ್ ಬಿಚ್ಚಬೇಕು’ ಅಂದುಬಿಟ್ಟರು. ದೊಡ್ಡ ಖರ್ಚು.

ಊರಿನ ಹಳೇ ಮೆಕ್ಯಾನಿಕ್ ಅಣ್ಣ ಒಂದೇ ಪ್ರಶ್ನೆ ಕೇಳಿದರು: ‘ಲಿಮಿಟೆಡ್ ಸ್ಲಿಪ್ ಗಾಡಿ ಅಲ್ವಾ? ಅಡಿಟಿವ್ ಹಾಕ್ಸಿದ್ರಾ?’ ಹಾಕಿಸಿರಲಿಲ್ಲ.

ವಿಷಯ ಇಷ್ಟೇ. ತಿರುವಿನಲ್ಲಿ ಹೊರಗಡೆಯ ಚಕ್ರ ಒಳಗಡೆಯದ್ದಕ್ಕಿಂತ ಹೆಚ್ಚು ಸುತ್ತಬೇಕು. ನನ್ನ ಗಾಡೀಲಿರೋ ಥರದ ಲಿಮಿಟೆಡ್ ಸ್ಲಿಪ್‌ನಲ್ಲಿ ಕ್ಲಚ್ ಪ್ಲೇಟುಗಳಿರುತ್ತವೆ. ಒಂದು ಚಕ್ರ ಕೆಸರಲ್ಲಿ ಸುಮ್ಮನೆ ತಿರುಗದಂತೆ ಹಿಡಿಯೋದು ಅವೇ. ಆದರೆ ತಿರುವಿನಲ್ಲಿ ಅವು ನುಣ್ಣಗೆ ಜಾರಬೇಕು. ಬರೀ ಗೇರ್ ಆಯಿಲ್‌ನಲ್ಲಿ ಪ್ಲೇಟುಗಳು ಅಂಟಿ, ಬಿಟ್ಟು, ಮತ್ತೆ ಅಂಟುತ್ತವೆ. ಆ ಶಬ್ದವೇ ಕಟಕಟ. ಅಡಿಟಿವ್ ಈ ಜಾರುವಿಕೆಯನ್ನು ನಯ ಮಾಡುತ್ತೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸಿರಿಂಜ್‌ನಿಂದ ಸ್ವಲ್ಪ ಆಯಿಲ್ ತೆಗೆದು ಜಾಗ ಮಾಡಿದೆವು. 120 ಮಿಲಿ ಬಾಟಲಿಯಲ್ಲಿ ಮೊದಲು ಅರ್ಧ ಹಾಕಿದೆವು. ಖಾಲಿ ಮೈದಾನದಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಹತ್ತಾರು ಸಲ ನಿಧಾನಕ್ಕೆ ಸುತ್ತಿದೆ, ಪ್ಲೇಟುಗಳ ನಡುವೆ ಆಯಿಲ್ ಇಳಿಯಲಿ ಅಂತ. ಶಬ್ದ ಸುಮಾರು ಕಮ್ಮಿಯಾಯ್ತು. ಇನ್ನೂ ಸ್ವಲ್ಪ ಹಾಕಿದಾಗ ಪೂರ್ತಿ ನಿಂತಿತು. ಅಲ್ಲಿಗೆ ಸಾಕು. ಜಾಸ್ತಿ ಹಾಕಿದರೆ ಪ್ಲೇಟುಗಳ ಹಿಡಿತವೇ ಹೋಗಿ, ಕೆಸರಲ್ಲಿ ಒಂದೇ ಚಕ್ರ ಸುತ್ತುತ್ತೆ. ಇಷ್ಟಾದರೂ ಶಬ್ದ ನಿಲ್ಲದಿದ್ದರೆ ಪ್ಲೇಟುಗಳು ಸವೆದಿರಬಹುದು. ಆಗ ಬಿಚ್ಚಲೇಬೇಕು.

ಎಲ್ಲ ಗಾಡಿಗೂ ಅಡಿಟಿವ್ ಬೇಡ. ಸಾಧಾರಣ ಓಪನ್ ಡಿಫರೆನ್ಷಿಯಲ್‌ಗೆ ಅದರಿಂದ ಲಾಭವಿಲ್ಲ. ಆಯಿಲ್ ಡಬ್ಬದ ಮೇಲೆ ಎಲ್‌ಎಸ್ ಅಂತಿದ್ದರೆ ಸಾಮಾನ್ಯವಾಗಿ ಅದರಲ್ಲೇ ಬೆರೆತಿರುತ್ತೆ.

ಟ್ರಾನ್ಸ್‌ಫರ್ ಕೇಸ್ ಕಥೆ ಬೇರೆ. ಪಕ್ಕದಲ್ಲೇ ಇದೆ ಅಂತ ಡಿಫರೆನ್ಷಿಯಲ್ ಆಯಿಲ್ ಅಲ್ಲಿಗೂ ಸುರೀಬೇಡಿ. ಕೆಲವಕ್ಕೆ ಗೇರ್ ಆಯಿಲ್, ಕೆಲವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಟಿಎಫ್. ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ.

ಹಳ್ಳ ದಾಟೋರು ಇನ್ನೊಂದು ನೋಡ್ಕೊಳ್ಳಿ. ಬಿಸಿ ಆಕ್ಸಲ್ ತಣ್ಣೀರಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲ್ ಮೂಲಕ ನೀರು ಎಳ್ಕೊಳ್ಳುತ್ತೆ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡರೆ ಕಿಲೋಮೀಟರ್ ಲೆಕ್ಕ ನೋಡದೆ ಬದಲಾಯಿಸಿ. ಭಾರ ಎಳೆದು ಸುಟ್ಟ ವಾಸನೆ ಬಂದರೂ ಅಷ್ಟೇ.

ಕೊನೇ ಮಾತು: ಮೊದಲು ತುಂಬೋ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದ್ದು. ಮೇಲಿನದ್ದು ಜಾಮ್ ಆಗಿದ್ದರೆ, ಖಾಲಿ ಮಾಡಿದ ಆಕ್ಸಲ್ ಇಟ್ಕೊಂಡು ಕೂರಬೇಕಾಗುತ್ತೆ!