ಒಂಬತ್ತೂಕಾಲಕ್ಕೆ ಮುಂಚಿನ ನಿಫ್ಟಿ

ಮುಂಬೈ ಷೇರುಪೇಟೆ ಮಧ್ಯಾಹ್ನ ಮೂರೂವರೆಗೆ ವಹಿವಾಟು ಮುಗಿಸಿ, ಮರುದಿನ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಮತ್ತೆ ಶುರು ಮಾಡುತ್ತದೆ. ನಡುವಿನ ಹದಿನೇಳು ಮುಕ್ಕಾಲು ಗಂಟೆಯಲ್ಲಿ ನ್ಯೂಯಾರ್ಕ್ ಪೇಟೆಯ ಇಡೀ ದಿನ ಕಳೆದಿರುತ್ತದೆ, ಟೋಕಿಯೊ ಪೇಟೆ ತೆರೆದಿರುತ್ತದೆ. ಅಲ್ಲಿನ ಏರಿಳಿತಕ್ಕೆ ನಮ್ಮ ನಿಫ್ಟಿ ಹೇಗೆ ಸ್ಪಂದಿಸೀತು ಎಂಬುದನ್ನು ಬೆಳಗಾಗುವ ಮೊದಲೇ ತೋರಿಸುವುದು ಗಿಫ್ಟ್ ನಿಫ್ಟಿ. ಮೊದಲು ಇದು ಸಿಂಗಪುರದಲ್ಲಿ ಎಸ್‌ಜಿಎಕ್ಸ್ ನಿಫ್ಟಿ ಎಂಬ ಹೆಸರಲ್ಲಿ ನಡೆಯುತ್ತಿತ್ತು. 2023ರ ಜುಲೈ 3ರಿಂದ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿದೆ. ಜಾಗ ಗುಜರಾತಿನದಾದರೂ ವ್ಯವಹಾರ ಡಾಲರಿನಲ್ಲಿ. ಅಲ್ಲಿ ಕೊಳ್ಳುವವರು, ಮಾರುವವರು ಮುಖ್ಯವಾಗಿ ವಿದೇಶಿ ಹೂಡಿಕೆದಾರರು. ಬೆಳಿಗ್ಗೆ ಆರೂವರೆಗೆ ಶುರುವಾಗಿ, ಸಂಜೆ ಸಣ್ಣದೊಂದು ಬಿಡುವು ಕೊಟ್ಟು, ನಡುರಾತ್ರಿ ದಾಟಿ 2.45ರವರೆಗೂ ಇದು ನಡೆಯುತ್ತದೆ.

ಬೆಳಿಗ್ಗೆ ಟಿವಿಯ ಕೆಳಗಿನ ಪಟ್ಟಿಯಲ್ಲಿ 'ಗಿಫ್ಟ್ ನಿಫ್ಟಿ 25,130' ಎಂದು ಓಡುತ್ತಿದೆ ಎಂದುಕೊಳ್ಳಿ. ನಿನ್ನೆ ನಿಫ್ಟಿ 25,000ಕ್ಕೆ ಮುಗಿದಿತ್ತು. ಹಾಗಾದರೆ ಇವತ್ತು 130 ಅಂಕ ಮೇಲೇಳುತ್ತದೆ ಎಂದು ತುಂಬ ಜನ ಲೆಕ್ಕ ಹಾಕುತ್ತಾರೆ. ತಪ್ಪಾಗುವುದು ಇಲ್ಲೇ. ಗಿಫ್ಟ್ ನಿಫ್ಟಿ ಸೂಚ್ಯಂಕವಲ್ಲ, ಅದರ ಫ್ಯೂಚರ್ಸ್. ಅವಧಿ ಮುಗಿಯುವ ದಿನದವರೆಗಿನ ಬಡ್ಡಿ ಅದರ ಬೆಲೆಯಲ್ಲೇ ಸೇರಿರುವುದರಿಂದ ಅದು ಸಾಮಾನ್ಯವಾಗಿ ಸೂಚ್ಯಂಕಕ್ಕಿಂತ ಸ್ವಲ್ಪ ಮೇಲಿರುತ್ತದೆ. ವರ್ಷಕ್ಕೆ ಶೇ 6ರ ಬಡ್ಡಿ ಹಿಡಿದರೆ, 25,000 ಅಂಕಕ್ಕೆ 24 ದಿನಗಳ ಪ್ರೀಮಿಯಂ ಸುಮಾರು ನೂರು ಅಂಕ. ಹಾಗಾಗಿ ಹೋಲಿಸಬೇಕಾದದ್ದು ನಿನ್ನೆಯ ಸೂಚ್ಯಂಕದ ಜೊತೆಗಲ್ಲ, ನಿನ್ನೆ ಮೂರೂವರೆಗೆ ಫ್ಯೂಚರ್ಸ್ ಇದ್ದ ಬೆಲೆಯ ಜೊತೆಗೆ. ಅದು 25,110 ಆಗಿತ್ತೆನ್ನಿ. ಆಗ ರಾತ್ರಿ ನಿಜವಾಗಿ ಏರಿದ್ದು 20 ಅಂಕ ಮಾತ್ರ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಅವಧಿ ಮುಗಿಯುವ ಮಂಗಳವಾರ ಹತ್ತಿರವಾದಂತೆ ಈ ಪ್ರೀಮಿಯಂ ಕರಗುತ್ತದೆ. ಮುಗಿದ ಮರುದಿನ ಮುಂದಿನ ತಿಂಗಳ ಫ್ಯೂಚರ್ಸ್‌ನ ಬೆಲೆ ತೋರಿಸತೊಡಗಿದಾಗ ಮತ್ತೆ ಒಮ್ಮೆಲೇ ಉಬ್ಬುತ್ತದೆ. ಆ ದಿನಗಳಲ್ಲಿ ಯಾವ ತಿಂಗಳ ಬೆಲೆಯನ್ನು ಯಾವ ತಿಂಗಳ ಬೆಲೆಗೆ ಹೋಲಿಸುತ್ತಿದ್ದೇವೆ ಎಂದು ನೋಡದಿದ್ದರೆ ಇಲ್ಲದ ಏರಿಕೆ ಕಾಣಿಸುತ್ತದೆ.

ಲೆಕ್ಕ ಸರಿ ಮಾಡಿಕೊಂಡ ಮೇಲೂ ಈ ಅಂಕಿ ಹೇಳುವುದು ಪೇಟೆ ಎಲ್ಲಿ ತೆರೆಯಬಹುದು ಎಂಬುದನ್ನಷ್ಟೆ. ತೆರೆದ ಮೇಲೆ ಯಾವ ಕಡೆಗೆ ಹೋಗುತ್ತದೆ ಎಂಬುದು ಬೇರೆಯದೇ ಪ್ರಶ್ನೆ. 2025ರ ಏಪ್ರಿಲ್ 7ರ ಸೋಮವಾರವನ್ನೇ ತೆಗೆದುಕೊಳ್ಳಿ. ಟ್ರಂಪ್ ಸುಂಕದ ಘೋಷಣೆಯ ಬೆನ್ನಿಗೆ ಅಮೆರಿಕದ ಪೇಟೆ ಗುರುವಾರ, ಶುಕ್ರವಾರ ಎರಡೂ ದಿನ ಕುಸಿದಿತ್ತು. ಸೋಮವಾರ ಬೆಳಿಗ್ಗೆ ಗಿಫ್ಟ್ ನಿಫ್ಟಿ ಭಾರಿ ಕುಸಿತ ತೋರಿಸುತ್ತಿತ್ತು, ಅದು ನಿಜವೂ ಆಯಿತು: ಶುಕ್ರವಾರ 22,904ಕ್ಕೆ ಮುಗಿದಿದ್ದ ನಿಫ್ಟಿ 21,758ಕ್ಕೆ ತೆರೆಯಿತು. ಆದರೆ ದಿನದ ಕೊನೆಗೆ ಅದು 22,161ರಲ್ಲಿತ್ತು. ಬೆಳಗಿನ ಸೂಚನೆ ನಂಬಿ ತೆರೆದ ಕೂಡಲೇ ಗಾಬರಿಯಲ್ಲಿ ಮಾರಿದವರಿಗೆ ಹೆಚ್ಚುಕಡಿಮೆ ದಿನದ ಅತಿ ಕಡಿಮೆ ಬೆಲೆ ಸಿಕ್ಕಿತು. ಸೂಚನೆ ಸುಳ್ಳಾಗಿರಲಿಲ್ಲ, ಅದು ಹೇಳಿದ್ದೆಲ್ಲ ಒಂಬತ್ತೂಕಾಲರ ಮೊದಲ ಬೆಲೆಯಲ್ಲೇ ಸೇರಿಹೋಗಿತ್ತು.

ಇನ್ನು, ಆಗಬೇಕಾದ ಸಂಗತಿ ಹಗಲಿನಲ್ಲೇ ಆಗುವಂಥದ್ದಾದರೆ ರಾತ್ರಿಯ ಅಂಕಿಯಿಂದ ಪ್ರಯೋಜನವಿಲ್ಲ. 2024ರ ಜೂನ್ 4ರಂದು ಲೋಕಸಭೆ ಚುನಾವಣೆಯ ಮತ ಎಣಿಕೆ ಶುರುವಾದದ್ದೇ ಬೆಳಿಗ್ಗೆ ಎಂಟಕ್ಕೆ. ಆ ದಿನ ನಿಫ್ಟಿ 1,379 ಅಂಕ ಬಿತ್ತು. ಹಿಂದಿನ ರಾತ್ರಿಯ ಯಾವ ಫ್ಯೂಚರ್ಸ್‌ಗೂ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ದಿನನಿತ್ಯದ ತಯಾರಿಗೆ ನನ್ನ ಮಟ್ಟಿಗೆ ಇಷ್ಟು ಸಾಕು. ಸಂಜೆ, ಮೂರೂವರೆಯ ಫ್ಯೂಚರ್ಸ್ ಬೆಲೆಯನ್ನು ಬರೆದಿಟ್ಟುಕೊಳ್ಳುವುದು. ಬೆಳಿಗ್ಗೆ ಆರೂವರೆಯ ಅಂಕಿಯನ್ನು ಸುಮ್ಮನೆ ನೋಡಿ ಬಿಟ್ಟು, ಎಂಟೂಮುಕ್ಕಾಲರ ಅಂಕಿಯಿಂದ ಅದನ್ನು ಕಳೆಯುವುದು. ಅಷ್ಟರಲ್ಲಿ ಏಷ್ಯಾದ ಪೇಟೆಗಳೂ ತಮ್ಮ ದಾರಿ ಹಿಡಿದಿರುತ್ತವೆ. ಆ ವ್ಯತ್ಯಾಸ ನೂರು ಅಂಕದೊಳಗಿದ್ದರೆ, ನಿಫ್ಟಿಯ ಈಗಿನ ಮಟ್ಟದಲ್ಲಿ ನಾನದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ದೊಡ್ಡದಿದ್ದರೆ ಕೈಯಲ್ಲಿರುವ ಷೇರುಗಳ ಸ್ಟಾಪ್ ಲಾಸ್ ಎಲ್ಲಿದೆ ಎಂದು ನೋಡಬೇಕು, ಏಕೆಂದರೆ ಪೇಟೆ ಅದಕ್ಕಿಂತ ಕೆಳಗೇ ತೆರೆದರೆ ನೀವಿಟ್ಟ ಬೆಲೆಗೆ ಮಾರಾಟವಾಗುವುದಿಲ್ಲ, ಸಿಕ್ಕ ಬೆಲೆಗೆ ಆಗುತ್ತದೆ. ಒಂದೊಂದು ಷೇರಿನ ವಿಷಯದಲ್ಲಿ ಗಿಫ್ಟ್ ನಿಫ್ಟಿ ಮೂಕ. ನಮ್ಮ ಇನ್ಫೊಸಿಸ್, ವಿಪ್ರೊ ನ್ಯೂಯಾರ್ಕಿನಲ್ಲೂ ವಹಿವಾಟಾಗುವುದರಿಂದ ಅವುಗಳ ರಾತ್ರಿಯ ಬೆಲೆಯನ್ನು ಅಲ್ಲೇ ನೋಡಬಹುದು.

ಒಂಬತ್ತಕ್ಕೆ ಪ್ರೀ-ಓಪನ್ ಶುರುವಾಗುತ್ತದೆ. ಒಂಬತ್ತು ಗಂಟೆ ಎಂಟು ನಿಮಿಷದ ಹೊತ್ತಿಗೆ ಆರ್ಡರ್ ಹಾಕುವುದು ಮುಗಿದು, ಇಲ್ಲಿನ ಆರ್ಡರುಗಳಿಂದಲೇ ತೆರೆಯುವ ಬೆಲೆ ನಿಗದಿಯಾಗುತ್ತದೆ. ಆಮೇಲೆ ಗಿಫ್ಟ್ ನಿಫ್ಟಿ ನೋಡುವ ಅಗತ್ಯವಿಲ್ಲ. ಹೊಸದಾಗಿ ಕೊಳ್ಳುವವರು, ಮಾರುವವರು ಆ ಮೊದಲ ನಿಮಿಷದಲ್ಲಿ ಮಾರ್ಕೆಟ್ ಆರ್ಡರ್ ಹಾಕಬೇಡಿ. ಬೆಲೆ ನಮೂದಿಸಿ ಲಿಮಿಟ್ ಆರ್ಡರ್ ಹಾಕಿ.