ವಿದೇಶಿ ಕೆಲಸಕ್ಕೆ ಬಯೋಡಾಟಾ: ಭಾಷೆ ಬದಲಾದರೆ ಸಾಲದು, ಕ್ರಮವೂ ಬದಲಾಗಬೇಕು

ಮಂಗಸೂಳಿ: ಹೆಸರು, ತಂದೆ ಹೆಸರು, ಹುಟ್ಟಿದ ದಿನಾಂಕ, ಜಾತಿ, ಮದುವೆ ಆಗಿದೆಯೋ ಇಲ್ಲವೋ... ಈ ಭಾಗದಲ್ಲಿ ಬಯೋಡಾಟಾ ಶುರುವಾಗುವುದೇ ಹೀಗೆ. ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ. ಕೆಲಸದ ಅನುಭವ ಕಟ್ಟಕಡೆಗೆ. ಇದನ್ನೇ ಸಾಲಿಗೆ ಸಾಲು ಇಂಗ್ಲಿಷಿಗೆ ಇಳಿಸಿ ಕಳಿಸಿದರೆ, ವಿದೇಶದ ಮಾಲೀಕ ಮೊದಲು ಹುಡುಕುವ ಸಂಗತಿಯೇ ಎರಡನೇ ಪುಟದ ತಳದಲ್ಲಿ ಉಳಿದುಬಿಡುತ್ತದೆ.

ಕಾಗವಾಡ ತಾಲ್ಲೂಕಿನ ಯುವಕನೊಬ್ಬ ಬಿಎಸ್ಸಿ ಮುಗಿಸಿ, ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನಾಲ್ಕು ಹಂಗಾಮು ಕೆಲಸ ಮಾಡಿದ್ದಾನೆ ಎಂದುಕೊಳ್ಳಿ. ಅವನ ರೆಸ್ಯೂಮೆಯಲ್ಲಿ ಹೆಸರು, ಫೋನ್, ಇಮೇಲ್ ಆದ ಕೂಡಲೇ ಮೂರು ಸಾಲಿನ ಪರಿಚಯ ಬರಬೇಕು. ನಂತರ ಅನುಭವ, ಕೌಶಲ್ಯ, ಕೊನೆಗೆ ಓದು. ಅನುಭವವಾಗಲಿ ಓದಾಗಲಿ, ಇತ್ತೀಚಿನದು ಮೇಲೆ, ಹಳೆಯದು ಕೆಳಗೆ.

'ಲ್ಯಾಬಿನಲ್ಲಿ ಕೆಲಸ' ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯದು. 'ಪ್ರತಿ ಪಾಳಿಯಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್, ಪೋಲ್, ಪ್ಯೂರಿಟಿ ಪರೀಕ್ಷಿಸಿ ದಾಖಲಿಸಿದ್ದೇನೆ' ಎಂಬ ಅರ್ಥದ ಸಾಲು ಬೇಕು. ಇನ್ನೊಂದು ತೊಡಕು ಹಂಗಾಮಿನದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಎಂದು ನಾಲ್ಕು ಸಲ ಬೇರೆ ಬೇರೆ ಬರೆದರೆ, ನಡುವಿನ ತಿಂಗಳು ಖಾಲಿ ಕೂತಂತೆ ಕಾಣುತ್ತದೆ. ಹುದ್ದೆ ಒಂದೇ ಸಲ ಬರೆದು, ಪಕ್ಕದಲ್ಲಿ ಸೀಸನಲ್, ನಾಲ್ಕು ಹಂಗಾಮು ಎಂದು ಸೇರಿಸಿದರೆ ವಿಷಯ ಸ್ಪಷ್ಟ, ಸುಳ್ಳೂ ಆಗದು.

ತಾರೀಖಿನಲ್ಲೂ ಎಡವಟ್ಟಾಗುತ್ತದೆ. 03-06-2021 ಎಂದರೆ ಇಲ್ಲಿ ಜೂನ್ 3, ಅಮೆರಿಕದಲ್ಲಿ ಮಾರ್ಚ್ 6. ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. ಶೇಕಡಾ ಅಂಕವನ್ನು ತಾವೇ ಲೆಕ್ಕ ಹಾಕಿ ವಿದೇಶಿ ಗ್ರೇಡ್‌ಗೆ ಬದಲಿಸಬಾರದು, ಅಂಕಪಟ್ಟಿಯಲ್ಲಿದ್ದಂತೆ ಬರೆಯಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ ಇದ್ದರೆ ದಾಖಲೆ ಪರಿಶೀಲನೆ ವೇಳೆ ಪ್ರಶ್ನೆ ಏಳುತ್ತದೆ.

ಬ್ರಿಟನ್, ಅಮೆರಿಕ, ಕೆನಡಾಕ್ಕೆ ಕಳಿಸುವಾಗ ಫೋಟೊ, ವಯಸ್ಸು, ಜಾತಿ, ಧರ್ಮ, ಮದುವೆ ವಿವರ ತೆಗೆಯಬೇಕು. ಅಲ್ಲಿ ತಾರತಮ್ಯ ತಡೆಯುವ ಕಾನೂನುಗಳಿವೆ, ಹಾಗಾಗಿ ಈ ವಿವರ ಕೈಗೆ ಬರುವುದೇ ಮಾಲೀಕರಿಗೆ ಬೇಡ. 'ಮೇಲಿನ ಮಾಹಿತಿ ಸತ್ಯ' ಎಂಬ ಘೋಷಣೆ, ಸ್ಥಳ, ಸಹಿಯೂ ಬೇಡ. ಗಲ್ಫ್ ಲೆಕ್ಕ ಬೇರೆ: ಅಲ್ಲಿ ರಾಷ್ಟ್ರೀಯತೆ, ವೀಸಾ ಸ್ಥಿತಿ, ಎಷ್ಟೋ ಕಡೆ ಫೋಟೊವನ್ನೂ ಕೇಳುತ್ತಾರೆ.

ಅದೇ ಯುವಕ ಮುಂದೆ ಎಂಎಸ್ಸಿ ಮಾಡಿ ವಿದೇಶದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಿದರೆ ಕ್ರಮ ಮತ್ತೆ ತಿರುಗುತ್ತದೆ. ಅಕಾಡೆಮಿಕ್ ಸಿವಿಯಲ್ಲಿ ಓದು ಮೇಲಕ್ಕೆ ಬರುತ್ತದೆ. ಅದರ ಕೆಳಗೆ ಪ್ರಾಜೆಕ್ಟಿನ ಶೀರ್ಷಿಕೆ, ಮಾರ್ಗದರ್ಶಕರ ಹೆಸರು, ಪ್ರಕಟಿತ ಲೇಖನ. ಕಾರ್ಖಾನೆ ಕೆಲಸ ಆಮೇಲೆ. ರೆಸ್ಯೂಮೆ ಒಂದೆರಡು ಪುಟದಲ್ಲಿ ಮುಗಿಯಬೇಕು, ಸಿವಿಗೆ ಆ ಮಿತಿ ಇಲ್ಲ. ಕನ್ನಡದಲ್ಲಿ ಪ್ರಕಟವಾದ ಲೇಖನವಿದ್ದರೆ ಮೂಲ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅದರ ಅರ್ಥ ಕೊಡಬೇಕು. ಬರೀ ಅನುವಾದ ಕೊಟ್ಟರೆ, ಹುಡುಕಿದವರಿಗೆ ಆ ಲೇಖನ ಸಿಗುವುದೇ ಇಲ್ಲ.