ಕಾಣುವ ಒಂದು ಪರ್ಸೆಂಟ್, ಕಾಣದ ಒಂದು ಪರ್ಸೆಂಟ್

ಮ್ಯೂಚುವಲ್ ಫಂಡಿಗೆ ಮೊದಲ ಸಲ ದುಡ್ಡು ಹಾಕಲು ಹೊರಟವರು ಫ್ಯಾಕ್ಟ್‌ಶೀಟ್ ತೆರೆದರೆ, ಎಕ್ಸಿಟ್ ಲೋಡ್ ಎಂಬ ಸಾಲಿಗೆ ಬಂದು ಬೆಚ್ಚುತ್ತಾರೆ. ‘ಒಂದು ವರ್ಷದೊಳಗೆ ಹಿಂಪಡೆದರೆ 1%’ ಎಂದು ಅಲ್ಲಿರುತ್ತದೆ. ಅದೇ ಪುಟದಲ್ಲಿ ಎಕ್ಸ್‌ಪೆನ್ಸ್ ರೇಶಿಯೊ 1.80% ಎಂದಿದ್ದರೆ ಅದನ್ನು ದಾಟಿ ಮುಂದೆ ಹೋಗುತ್ತಾರೆ. ಹೆದರಬೇಕಾದ್ದು ನಿಜಕ್ಕೂ ಎರಡನೆಯದಕ್ಕೆ.

ಎರಡನ್ನೂ ಅರ್ಥ ಮಾಡಿಕೊಳ್ಳಲು ಎನ್‌ಎವಿ ಗೊತ್ತಿರಬೇಕು. ಫಂಡಿನಲ್ಲಿರುವ ಷೇರು, ಬಾಂಡ್, ನಗದು ಎಲ್ಲದರ ಆ ದಿನದ ಬೆಲೆಯನ್ನು ಕೂಡಿಸಿ, ಬಾಕಿ ಮತ್ತು ಖರ್ಚುಗಳನ್ನು ಕಳೆದು, ಉಳಿದದ್ದನ್ನು ಒಟ್ಟು ಯೂನಿಟ್‌ಗಳಿಗೆ ಹಂಚಿದರೆ ಬರುವ ಮೊತ್ತವೇ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ. ಎನ್‌ಎವಿ 20 ರೂಪಾಯಿ ಇರುವ ಫಂಡ್ ಅಗ್ಗ, 400 ಇರುವುದು ದುಬಾರಿ ಎಂದು ತಿಳಿಯುವವರು ಬಹಳ ಮಂದಿ. ಹತ್ತು ಸಾವಿರ ರೂಪಾಯಿಗೆ ಮೊದಲನೆಯದರಲ್ಲಿ ಸುಮಾರು 500 ಯೂನಿಟ್, ಎರಡನೆಯದರಲ್ಲಿ 25 ಸಿಗುತ್ತವೆ. ಎರಡೂ ಫಂಡ್ 10% ಏರಿದರೆ ಎರಡೂ ಕಡೆ ಕೈಗೆ ಬರುವುದು ಹನ್ನೊಂದು ಸಾವಿರವೇ. ಹೊಸ ಫಂಡಿನ ಯೂನಿಟ್ ‘ಬರೀ ಹತ್ತು ರೂಪಾಯಿ’ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಈ ಲೆಕ್ಕ ನೆನಪಿರಲಿ.

ಫಂಡ್ ನಡೆಸುವ ಖರ್ಚನ್ನು ಆ ಫಂಡಿನಿಂದಲೇ ತೆಗೆದುಕೊಳ್ಳುವ ವಾರ್ಷಿಕ ದರ ಎಕ್ಸ್‌ಪೆನ್ಸ್ ರೇಶಿಯೊ. ಇದು ಕರೆಂಟ್ ಬಿಲ್ಲಿನಂತೆ ಮನೆಬಾಗಿಲಿಗೆ ಬರುವುದಿಲ್ಲ. ದರದ ಒಂದು ದಿನದ ಪಾಲನ್ನು ಪ್ರತಿದಿನ ಕಳೆದ ಮೇಲೆಯೇ ಎನ್‌ಎವಿ ಪ್ರಕಟವಾಗುತ್ತದೆ. ನಿಮ್ಮ ಒಂದು ಲಕ್ಷದ ಮೇಲೆ 1.80% ಎಂದರೆ ದಿನಕ್ಕೆ ಐದು ರೂಪಾಯಿಗೆ ಹತ್ತಿರ. ಲಾಭವಾದ ವರ್ಷವೂ ಹೋಗುತ್ತದೆ, ನಷ್ಟವಾದ ವರ್ಷವೂ ಹೋಗುತ್ತದೆ, ಸ್ಟೇಟ್‌ಮೆಂಟಿನಲ್ಲಿ ಮಾತ್ರ ‘ಕಡಿತ’ ಎಂಬ ಸಾಲು ಕಾಣುವುದಿಲ್ಲ. ಫ್ಯಾಕ್ಟ್‌ಶೀಟಿನ ರಿಟರ್ನ್ಸ್ ಈ ಖರ್ಚು ಕಳೆದೇ ತೋರಿಸಿದ್ದು, ಅದರಿಂದ ಮತ್ತೆ ಕಳೆಯಬೇಕಿಲ್ಲ.

ಒಂದೇ ಫಂಡಿಗೆ ಎರಡೆರಡು ದರ ಏಕಿರುತ್ತದೆ? ರೆಗ್ಯುಲರ್ ಪ್ಲಾನಿನಲ್ಲಿ ಮಾರಾಟ ಮಾಡಿದ ಏಜೆಂಟ್ ಅಥವಾ ಬ್ಯಾಂಕಿನ ಕಮಿಷನ್ ಸೇರಿರುತ್ತದೆ. 2013ರ ಜನವರಿಯಿಂದ ಇರುವ ಡೈರೆಕ್ಟ್ ಪ್ಲಾನಿನಲ್ಲಿ ಅದಿಲ್ಲ. ಮ್ಯಾನೇಜರ್ ಒಬ್ಬರೇ, ಕೊಂಡ ಷೇರುಗಳೂ ಅವೇ. ರೆಗ್ಯುಲರ್‌ಗೆ 1.80%, ಡೈರೆಕ್ಟ್‌ಗೆ 0.70% ಎಂದಿಟ್ಟುಕೊಳ್ಳಿ. ಖರ್ಚಿಗೆ ಮುನ್ನ ಫಂಡ್ ವರ್ಷಕ್ಕೆ 12% ಬೆಳೆಯಿತು ಎಂದೇ ಊಹಿಸೋಣ. ಹಾಗೆಯೇ ಬೆಳೆಯುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಒಂದು ಲಕ್ಷ ಇಪ್ಪತ್ತು ವರ್ಷದಲ್ಲಿ ರೆಗ್ಯುಲರ್‌ನಲ್ಲಿ ಸುಮಾರು 7 ಲಕ್ಷವಾದರೆ ಡೈರೆಕ್ಟ್‌ನಲ್ಲಿ ಸುಮಾರು 8.5 ಲಕ್ಷ. ವ್ಯತ್ಯಾಸ ಹಾಕಿದ ಅಸಲಿಗಿಂತಲೂ ಹೆಚ್ಚು. ಹಾಗೆಂದು ಕಮಿಷನ್ನೆಲ್ಲ ದಂಡವಲ್ಲ. ಕೆವೈಸಿ, ನಾಮಿನಿ ಕಾಗದ ಮಾಡಿಸಿ, ಮಾರುಕಟ್ಟೆ ಕುಸಿದಾಗ ಗಾಬರಿಯಿಂದ ಮಾರದಂತೆ ತಡೆಯುವ ಏಜೆಂಟ್ ಸಿಕ್ಕಿದ್ದರೆ ಆ ದುಡ್ಡು ಸಲ್ಲುತ್ತದೆ. ಫಾರ್ಮಿಗೆ ಸಹಿ ಹಾಕಿಸಿಕೊಂಡು ಹೋದವರು ಮತ್ತೆ ಮುಖ ತೋರಿಸದಿದ್ದರೆ ಯಾಕೆ ಕೊಡಬೇಕು?

ಇನ್ನು ಎಕ್ಸಿಟ್ ಲೋಡ್. ಬೇಗ ಹೊರಟವರಿಗೆ ಒಂದೇ ಸಲ ಬೀಳುವ ಕಡಿತ ಇದು. ಹೂಡಿದ ಮೊತ್ತದ ಮೇಲಲ್ಲ, ಲಾಭದ ಮೇಲೂ ಅಲ್ಲ, ಹಿಂಪಡೆಯುವ ಮೊತ್ತದ ಮೇಲೆ; ನಷ್ಟದಲ್ಲಿ ಮಾರಿದರೂ ಬೀಳುತ್ತದೆ. 2012ರಿಂದ ಈ ಹಣ, ಜಿಎಸ್‌ಟಿ ಕಳೆದು, ಕಂಪನಿಯ ಜೇಬಿಗೆ ಹೋಗದೆ ಫಂಡಿಗೇ ಸೇರುತ್ತದೆ. ಎಸ್‌ಐಪಿ ಮಾಡುವವರು ಎಡವುವುದು ವರ್ಷದ ಎಣಿಕೆಯಲ್ಲಿ. 2024ರ ಜನವರಿಯಿಂದ ಪ್ರತಿ ತಿಂಗಳು 5ನೇ ತಾರೀಖು 5,000 ರೂಪಾಯಿ ಕಟ್ಟಿ, 2025ರ ಜೂನ್ 20ರಂದು ಎಲ್ಲವನ್ನೂ ತೆಗೆದಿರಿ ಎನ್ನಿ. ಶುರು ಮಾಡಿ ವರ್ಷ ದಾಟಿದೆಯಲ್ಲ ಎಂದರೆ ನಡೆಯದು, ಪ್ರತಿ ಕಂತಿಗೂ ಬೇರೆ ವರ್ಷ. ಹದಿನೆಂಟು ಕಂತುಗಳಲ್ಲಿ ಮೊದಲ ಆರಕ್ಕೆ ಮಾತ್ರ ವರ್ಷ ತುಂಬಿದೆ. ಉಳಿದ ಹನ್ನೆರಡು ಕಂತಿನ ಯೂನಿಟ್‌ಗಳ ಬೆಲೆ ಅಂದು 64,000 ಇದ್ದರೆ 640 ರೂಪಾಯಿ ಕಡಿತ. ಹಳೆಯ ಯೂನಿಟ್ಟೇ ಮೊದಲು ಮಾರಾಟವಾಗುವುದರಿಂದ, ಮೊದಲ ಆರು ಕಂತಿನಷ್ಟನ್ನೇ ತೆಗೆದಿದ್ದರೆ ಲೋಡ್ ಸೊನ್ನೆ.

ಇಷ್ಟು ತಿಳಿದ ಮೇಲೆ ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬದಲಾಗೋಣ ಎನಿಸುವುದು ಸಹಜ. ಹಾಗೆ ಸ್ವಿಚ್ ಮಾಡುವುದನ್ನು ತೆರಿಗೆಯವರು ಮಾರಿ ಮತ್ತೆ ಕೊಂಡಂತೆಯೇ ಎಣಿಸುತ್ತಾರೆ, ಲಾಭವಿದ್ದರೆ ತೆರಿಗೆ ಬರಬಹುದು, ವರ್ಷ ತುಂಬದ ಯೂನಿಟ್‌ಗೆ ಲೋಡ್ ಕೂಡ ಬೀಳಬಹುದು. ಹೊಸ ಕಂತುಗಳನ್ನು ಈಗಲೇ ಡೈರೆಕ್ಟ್‌ನಲ್ಲಿ ಶುರು ಮಾಡಿ, ಹಳೆಯ ಯೂನಿಟ್‌ಗಳನ್ನು ವರ್ಷ ತುಂಬಿದಂತೆ, ತೆರಿಗೆ ಎಷ್ಟಾಗುತ್ತದೆಂದು ನೋಡಿಕೊಂಡು ಬದಲಾಯಿಸಬಹುದು.